ಗಲ್ಲಾ ಪೈಸೆಗೆ ಪೈಸೆ ಸರಿ, ಸರಕು ಮಾತ್ರ ಕಡಿಮೆ

ಈರಣ್ಣ, ಬಾಗಲಕೋಟೆ ನವನಗರ: ಸುನಂದಕ್ಕನವರಿಗೆ ನಮಸ್ಕಾರ. ನಮ್ಮದು ಕಿರಾಣಿ ಅಂಗಡಿ. ಗಿರಾಕಿಗಳೇ ಒಳಗೆ ಬಂದು ಸಾಮಾನು ಆರಿಸಿಕೊಳ್ಳುವಂತೆ ಕಳೆದ ವರ್ಷ ಮೂರು ರ‍್ಯಾಕ್ ಹಾಕಿಸಿದೆ. ಕಳೆದ ತಿಂಗಳ ಕೊನೆಗೆ ಎಣಿಸಿದಾಗ 9,600 ರೂಪಾಯಿಯ ಸರಕು ಕಡಿಮೆ ಬಂತು. ಗಲ್ಲಾ ಮಾತ್ರ ದಿನವೂ ಸರಿಯಾಗಿದೆ, ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲ. ಸಂಜೆ ದೊಡ್ಡ ಚೀಲ ಹಿಡಿದು ಬರುವ ಒಬ್ಬ ಹೆಣ್ಣುಮಗಳ ಮೇಲೆ ನಮಗೆ ಅನುಮಾನವಿತ್ತು. ಹೋದ ವಾರ ನನ್ನ ಮಗ ಎಲ್ಲರೆದುರು ಆಕೆಯ ಚೀಲ ತೆಗೆಸಿ ನೋಡಿದ. ಏನೂ ಸಿಗಲಿಲ್ಲ. ಅಂದಿನಿಂದ ಆಕೆಯ ಓಣಿಯ ನಾಲ್ಕೈದು ಮನೆಯವರು ನಮ್ಮ ಅಂಗಡಿಗೆ ಬರುತ್ತಿಲ್ಲ. ಚೀಲವನ್ನು ಹೊರಗಿಡಿಸಬೇಕೇ, ಹೇಗೆ ಹೇಳಬೇಕು?

ಸುನಂದಾ, ಸರಕು ಲೆಕ್ಕ ತಪಾಸಣೆ, ವಿಜಯಪುರ: ಚೀಲದ ಮಾತು ಆಮೇಲೆ. ಯಾವ ಯಾವ ಸಾಮಾನು ಎಷ್ಟು ಕಡಿಮೆ ಬಂದಿದೆ, ಪ್ರತಿಯೊಂದೂ ಅಂಗಡಿಯಲ್ಲಿ ಎಲ್ಲಿರುತ್ತದೆ, ಇಷ್ಟನ್ನು ಬರೆದು ಹಾಕಿ. ರೂಪಾಯಿಯ ಮೊತ್ತ ನೋಡಿ ನಾನು ಏನೂ ಹೇಳಲಾರೆ.

ಮೆಹಬೂಬ, ವಿಜಯಪುರ: ಅಕ್ಕಾ, ನನ್ನದು ಮೊಬೈಲ್ ಬಿಡಿಭಾಗಗಳ ಅಂಗಡಿ. ಹಣ ಕಳಿಸಿದ್ದೇನೆ ಎಂದು ಮೊಬೈಲ್ ಪರದೆ ತೋರಿಸಿ ಇಬ್ಬರು ಮೋಸ ಮಾಡಿ ಹೋದರು. ಹಣ ಬಂದೇ ಇಲ್ಲ.

ಸುನಂದಾ: ಗಿರಾಕಿಯ ಪರದೆ ನೋಡಿ ಸರಕು ಕೊಡಬೇಡಿ. ಹಣ ಜಮಾ ಆಯಿತು ಎಂದು ನಿಮ್ಮ ಯುಪಿಐ ಧ್ವನಿ ಪೆಟ್ಟಿಗೆ ಕೂಗಬೇಕು, ಇಲ್ಲವೇ ನಿಮ್ಮದೇ ಮೊಬೈಲಿನಲ್ಲಿ ಜಮಾ ಕಾಣಬೇಕು. ಜೊತೆಗೆ ದಿನಾ ಬೆಳಿಗ್ಗೆ ನಿಮ್ಮ ಕ್ಯೂಆರ್ ಹಾಳೆಯನ್ನು ನೀವೇ ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತದೆ ಎಂದು ಓದಿ. ಅದರ ಮೇಲೆ ಬೇರೊಂದು ಹಾಳೆ ಅಂಟಿಸಿದ್ದನ್ನು ನಾನು ಎರಡು ಅಂಗಡಿಗಳಲ್ಲಿ ಕಂಡಿದ್ದೇನೆ.

ಈರಣ್ಣ: ಎಣ್ಣೆ ಒಂದು ಲೀಟರ್ ಪಾಕೀಟು 26, ಚಹಾಪುಡಿ ಕಾಲು ಕಿಲೋ 14, ತುಪ್ಪ ಅರ್ಧ ಲೀಟರ್ 6, ಬಟ್ಟೆ ತೊಳೆಯುವ ಪುಡಿ ಒಂದು ಕಿಲೋ 11, ಕೂದಲಿಗೆ ಹಚ್ಚುವ ಬಣ್ಣದ ಪಾಕೀಟು 9. ಉಳಿದದ್ದು ಚಿಲ್ಲರೆ. ಎಣ್ಣೆ, ತುಪ್ಪ, ಚಹಾಪುಡಿ ನಾವು ಕೂರುವ ಕಡೆ, ಬೆನ್ನ ಹಿಂದಿನ ಕಪಾಟಿನಲ್ಲಿರುತ್ತವೆ. ಕೇಳಿದವರಿಗೆ ನಾವೇ ತೆಗೆದುಕೊಡುತ್ತೇವೆ. ಸಾಬೂನು, ಬಣ್ಣ ಇತ್ಯಾದಿ ರ‍್ಯಾಕಿನಲ್ಲಿವೆ.

ಪ್ರಕಾಶ, ಬೆಳಗಾವಿ: ಇಷ್ಟೆಲ್ಲ ಯಾಕೆ? ನಾಲ್ಕು ಕ್ಯಾಮೆರಾ ಹಾಕಿಸಿ, ಮುಗಿಯಿತು. ನಾನು ಹಾಕಿಸಿದ ಮೇಲೆ ಕಳ್ಳತನವೇ ನಿಂತಿದೆ. ಸಿಕ್ಕವರ ಫೋಟೋ ತೆಗೆದು ಬಾಗಿಲಿಗೆ ಅಂಟಿಸುತ್ತೇನೆ. 379ರಡಿ ಕೇಸು ಎಂದು ಕೆಳಗೆ ಬರೆಯುತ್ತೇನೆ.

ಸುನಂದಾ: ಈರಣ್ಣನವರೇ, ಆ ಹೆಣ್ಣುಮಗಳಿಗೂ ನಿಮ್ಮ ನಷ್ಟಕ್ಕೂ ಸಂಬಂಧವೇ ಇಲ್ಲ. ನಿಮ್ಮ ಪಟ್ಟಿಯೇ ಅದನ್ನು ಹೇಳುತ್ತಿದೆ.

ಗಿರಾಕಿ ಕದಿಯುವುದು ಕೈಗೆಟುಕುವ ಜಾಗದಲ್ಲಿರುವ, ಮುಷ್ಟಿಯಲ್ಲಿ ಅಡಗುವ, ಬೆಲೆ ಇರುವ ಸಾಮಾನನ್ನು. ಬಣ್ಣದ ಪಾಕೀಟು, ಬ್ಲೇಡು, ಮುಖಕ್ಕೆ ಹಚ್ಚುವ ಕ್ರೀಮು, ಚಾಕೊಲೇಟು ಅಂಥವು. ನಿಮ್ಮಲ್ಲಿ ಹೋಗಿರುವ ದೊಡ್ಡ ಸರಕು ಎಣ್ಣೆ, ತುಪ್ಪ, ಚಹಾಪುಡಿ. ಅವು ನಿಮ್ಮ ಬೆನ್ನ ಹಿಂದಿವೆ. ಗಿರಾಕಿಯ ಕೈ ಅಲ್ಲಿಗೆ ಹೋಗುವುದೇ ಇಲ್ಲ. ಅಂಗಡಿಯವರೇ ಎತ್ತಿ ಕೊಟ್ಟಿದ್ದಾರೆ, ಗಿರಾಕಿ ಹಣವನ್ನೂ ಕೊಟ್ಟು ಹೋಗಿದ್ದಾನೆ. ಹಣ ಮಾತ್ರ ನಿಮಗೆ ಮುಟ್ಟಿಲ್ಲ.

ಗಲ್ಲಾ ದಿನವೂ ಒಂದು ರೂಪಾಯಿ ತಪ್ಪದೆ ಸರಿ ಬರುತ್ತದೆ ಎಂದು ನೀವು ಸಮಾಧಾನದಿಂದ ಬರೆದಿದ್ದೀರಿ. ನನಗೆ ಕಳವಳವಾದದ್ದು ಅದೇ ಸಾಲಿನಿಂದ. ದಿನಕ್ಕೆ ನೂರಾರು ಗಿರಾಕಿಗಳಿಗೆ ಚಿಲ್ಲರೆ ಕೊಡುವ ಗಲ್ಲಾದಲ್ಲಿ ಐದೋ ಹತ್ತೋ ರೂಪಾಯಿ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಎಂದೂ ಆಗುವುದಿಲ್ಲ ಎಂದರೆ, ನೀವು ಎಣಿಸುವ ಮೊದಲು ಬೇರೆ ಯಾರೋ ಎಣಿಸಿ ಸರಿಮಾಡಿ ಇಡುತ್ತಿದ್ದಾರೆ.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಬಿಲ್ಲನ್ನೇ ಮಾಡದ ವ್ಯಾಪಾರ. ಗಿರಾಕಿಯಿಂದ ಹಣ ಪಡೆದು ಗಲ್ಲಾಕ್ಕೇ ಹಾಕುತ್ತಾರೆ, ಬಿಲ್ ಮಾಡುವುದಿಲ್ಲ. ಮುಚ್ಚುವ ಹೊತ್ತಿಗೆ ಅಷ್ಟು ಹಣವನ್ನು ತೆಗೆದುಕೊಂಡರೆ ಲೆಕ್ಕ ಸರಿಯಾಗುತ್ತದೆ. ಆದರೆ ಎಷ್ಟು ತೆಗೆಯಬೇಕು ಎಂಬುದು ನೆನಪಿರಬೇಕಲ್ಲ? ಹಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಗಲ್ಲಾದ ಚಿಲ್ಲರೆ ಮನೆಯೊಂದರಲ್ಲಿ ಹದಿನಾಲ್ಕು ಹುಣಸೆ ಬೀಜಗಳಿದ್ದವು. ಚೌಕಾಬಾರ ಆಡುವ ಮಕ್ಕಳು ಇಟ್ಟಿರಬೇಕು ಎಂದು ಮಾಲೀಕರು ತಿಳಿದಿದ್ದರು. ಆಗ ಮಧ್ಯಾಹ್ನ ಒಂದೂವರೆ. ಅಲ್ಲೇ ನಿಂತು ಎಣಿಸಿದೆ. ಬಿಲ್ಲುಗಳ ಮೊತ್ತಕ್ಕಿಂತ ಗಲ್ಲಾದಲ್ಲಿ 700 ರೂಪಾಯಿ ಹೆಚ್ಚಿತ್ತು. ಒಂದು ಬೀಜಕ್ಕೆ ಐವತ್ತು. ಮಾಲೀಕರು ಯಾವಾಗಲೂ ರಾತ್ರಿ ಎಣಿಸುತ್ತಿದ್ದರು, ಕಡಿಮೆ ಬರುತ್ತದೆಯೇ ಎಂದು ನೋಡುತ್ತಿದ್ದರು. ನೋಡಬೇಕಾದದ್ದು ನಡುಹಗಲಿನಲ್ಲಿ, ಹೆಚ್ಚು ಬರುತ್ತದೆಯೇ ಎಂದು.

ಎರಡನೆಯದು ಬಿಲ್ ರದ್ದು. ಬಿಲ್ ಆಗುತ್ತದೆ, ಗಿರಾಕಿ ನಗದು ಕೊಟ್ಟು ಹೋಗುತ್ತಾನೆ. ಎರಡು ನಿಮಿಷದ ನಂತರ ಆ ಬಿಲ್ಲನ್ನು ಕಂಪ್ಯೂಟರಿನಲ್ಲಿ ರದ್ದು ಮಾಡುತ್ತಾರೆ. ಎಣ್ಣೆ ಪಾಕೀಟು ವಾಪಸು ಬಂತು ಎಂದು ಲೆಕ್ಕ ತೋರಿಸುತ್ತದೆ, ಕಪಾಟಿನಲ್ಲಿ ಪಾಕೀಟು ಇರುವುದಿಲ್ಲ. ಅಷ್ಟು ನಗದು ಜೇಬು ಸೇರುತ್ತದೆ.

ನಿಮ್ಮ ಕಂಪ್ಯೂಟರಿನಲ್ಲಿ ಕಳೆದ ತಿಂಗಳ ರದ್ದಾದ ಬಿಲ್ಲುಗಳ ಪಟ್ಟಿ ತೆಗೆಯಿರಿ. ನಿಜವಾದ ತಪ್ಪಿನಿಂದ ರದ್ದಾದ ಬಿಲ್ಲಿನ ಹಿಂದೆಯೇ ಹೆಚ್ಚುಕಡಿಮೆ ಅದೇ ಸಾಮಾನಿನ ಹೊಸ ಬಿಲ್ ಇರುತ್ತದೆ, ಏಕೆಂದರೆ ಗಿರಾಕಿ ಎದುರಿಗೇ ನಿಂತಿರುತ್ತಾನೆ. ಹಾಗೆ ಹೊಸ ಬಿಲ್ ಇಲ್ಲದವನ್ನು ಬೇರೆ ಮಾಡಿ. ಅವು ಯಾವ ಹೊತ್ತಿನವು, ನಗದೋ ಯುಪಿಐಯೋ, ಅವುಗಳಲ್ಲಿ ಏನೇನು ಸಾಮಾನು ಇತ್ತು, ಬರೆದುಕೊಳ್ಳಿ. ಅಲ್ಲಿಯವರೆಗೆ ಯಾರನ್ನೂ ಏನೂ ಕೇಳಬೇಡಿ.

ಪ್ರಕಾಶ ಅವರೇ, 2024ರ ಜುಲೈ 1ರಿಂದ ಕಳ್ಳತನಕ್ಕೆ ಹಳೆಯ ದಂಡ ಸಂಹಿತೆಯ 379 ಎಂಬುದಿಲ್ಲ. ಈಗ ಭಾರತೀಯ ನ್ಯಾಯ ಸಂಹಿತೆಯ 303. ನೀವು ಬಾಗಿಲಿಗೆ ಅಂಟಿಸಿದ ಫೋಟೋ ಮಾನಹಾನಿಯಾಗಬಹುದು, ಅದಕ್ಕೆ 356 ಇದೆ. ಇಂದೇ ಕಿತ್ತುಹಾಕಿ.

ಪ್ರಕಾಶ: ಕದ್ದವರಿಗೆ ಎಂಥ ಮಾನ? ನನ್ನ ಬಳಿ ವಿಡಿಯೋ ಇದೆ.

ಸುನಂದಾ: ವಿಡಿಯೋ ಇದ್ದರೆ ಪೊಲೀಸರಿಗೆ ಕೊಡಿ. ತೀರ್ಪು ಕೊಡುವ ಕೆಲಸ ನಿಮ್ಮ ಬಾಗಿಲಿನದಲ್ಲ.

ಚನ್ನಮ್ಮ, ಮುಧೋಳ: ಈ ಸಂದೇಶ ಇನ್ನೊಂದು ಗುಂಪಿನಿಂದ ಬಂದಿದೆ. ಎಲ್ಲರಿಗೂ ಉಪಯೋಗವಾಗಲಿ ಎಂದು ಕಳಿಸುತ್ತಿದ್ದೇನೆ. "ಅಂಗಡಿಯಲ್ಲಿ ಕಳ್ಳತನವಾದರೆ ಕೆಲಸದವರೆಲ್ಲರಿಗೂ ಮಂತ್ರಿಸಿದ ಅಕ್ಕಿ ಅಗಿಯಲು ಕೊಡಿ. ಕದ್ದವನ ಬಾಯಲ್ಲಿ ಅಕ್ಕಿ ಒಣಗಿ ಹಾಗೇ ಉಳಿಯುತ್ತದೆ. ನೂರಕ್ಕೆ ನೂರು ಸತ್ಯ. ಹತ್ತು ಜನರಿಗೆ ಕಳಿಸಿ."

ಸುನಂದಾ: ಇದನ್ನು ಯಾರೂ ಮಾಡಬೇಡಿ. ಹೆದರಿದವನ ಬಾಯಿ ಒಣಗುತ್ತದೆ. ಹೆದರುವವರು ಯಾರು? ಮನೆಯಲ್ಲಿ ಅನ್ನವಿಲ್ಲದೆ ಕೆಲಸಕ್ಕೆ ಬಂದ ಹದಿನೆಂಟು ವರ್ಷದ ಹುಡುಗ. ಆರು ತಿಂಗಳಿಂದ ದಿನವೂ ಕದ್ದು ಅಭ್ಯಾಸವಾದವನು ಆರಾಮವಾಗಿ ಅಗಿದು ನುಂಗುತ್ತಾನೆ. ಈ ಅಕ್ಕಿಯ ಮೇಲೆ ಕೆಲಸ ಕಳೆದುಕೊಂಡ ಒಬ್ಬ ಹುಡುಗನನ್ನು ನಾನು ಬಲ್ಲೆ. ಸರಕು ಇಳಿಸುವಾಗ ಯಾರೂ ಪೆಟ್ಟಿಗೆ ಬಿಚ್ಚಿ ಎಣಿಸಿರಲಿಲ್ಲ, ಸಗಟು ವ್ಯಾಪಾರಿಯ ಕಡೆಯಿಂದಲೇ ಕಡಿಮೆ ಬರುತ್ತಿತ್ತು ಎಂಬುದು ಮೂರು ತಿಂಗಳ ಮೇಲೆ ತಿಳಿಯಿತು. ಹುಡುಗ ಅಷ್ಟರಲ್ಲಿ ಊರು ಬಿಟ್ಟಿದ್ದ.

ಚನ್ನಮ್ಮ: ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೆ. ಹಿರಿಯರು ಮಾಡಿಕೊಂಡು ಬಂದದ್ದು ಸುಮ್ಮನೆ ಇರುತ್ತದೆಯೇ?

ಗುರುಲಿಂಗಪ್ಪ, ಇಳಕಲ್: ನಮ್ಮದು ಸೀರೆ ಅಂಗಡಿ. ಮದುವೆ ಕಾಲದಲ್ಲಿ ಏಳೆಂಟು ಜನ ಒಟ್ಟಿಗೆ ಬರುತ್ತಾರೆ. ಮೂವತ್ತು ಸೀರೆ ಹರವಿಸುತ್ತಾರೆ. ಎದ್ದು ಹೋದ ಮೇಲೆ ಒಂದು ಕಡಿಮೆ. ನನ್ನ ಅನುಭವದಲ್ಲಿ ಸಂತೆಯ ದಿನ ಹಳ್ಳಿಯಿಂದ ಗುಂಪಾಗಿ ಬರುವವರ ಮೇಲೆ ಕಣ್ಣಿಡಬೇಕು.

ಮಹಾದೇವಿ, ಹುನಗುಂದ: ನಾನೂ ಹಳ್ಳಿಯವಳೇ. ನಿಮ್ಮಂಥ ಅಂಗಡಿಗೆ ಬಂದಾಗ ಹುಡುಗನೊಬ್ಬ ನೆರಳಿನಂತೆ ಬೆನ್ನಿಗೆ ನಿಲ್ಲುತ್ತಾನೆ, ನಮ್ಮ ಪಕ್ಕದಲ್ಲೇ ಕಾರಿನಲ್ಲಿ ಬಂದವರಿಗೆ ಚಹಾ ಬರುತ್ತದೆ. ನಮಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀರಾ? ನನ್ನ ಮಗಳ ಮದುವೆಯ ಜವಳಿಯನ್ನು ಅದೇ ಕಾರಣಕ್ಕೆ ಬೇರೆ ಅಂಗಡಿಯಲ್ಲಿ ತೆಗೆದುಕೊಂಡೆವು.

ಗುರುಲಿಂಗಪ್ಪ: ನಾನು ಯಾರನ್ನೂ ಅವಮಾನಿಸಿಲ್ಲ. ನಲವತ್ತು ವರ್ಷದ ಅನುಭವ ಹೇಳಿದೆ. ನಷ್ಟ ಆದವನಿಗೇ ಗೊತ್ತು.

ಮಹಾದೇವಿ: ನಲವತ್ತು ವರ್ಷದಲ್ಲಿ ಹಳ್ಳಿಯವರ ಮೇಲಷ್ಟೇ ಕಣ್ಣಿಟ್ಟಿದ್ದೀರಿ. ಬೇರೆಯವರು ತೆಗೆದುಕೊಂಡು ಹೋದದ್ದು ನಿಮಗೆ ಹೇಗೆ ಕಾಣಬೇಕು?

ಸುನಂದಾ: ಮಹಾದೇವಿಯವರು ಹೇಳಿದ್ದು ಸರಿ. ಗುರುಲಿಂಗಪ್ಪನವರೇ, ಜನರನ್ನು ಎಣಿಸಬೇಡಿ, ಸೀರೆಯನ್ನು ಎಣಿಸಿ. ಗಾದಿಯ ಮೇಲೆ ಒಮ್ಮೆಗೆ ಐದೇ ಸೀರೆ. ಆರನೆಯದನ್ನು ತೆಗೆಯುವ ಮೊದಲು ಬೇಡವಾದ ಒಂದನ್ನು ಮಡಚಿ ಹಿಂದಕ್ಕೆ ಇಡಬೇಕು. "ಇದು ಇರಲಿಯೇ, ತೆಗೆದಿಡಲೇ ಅಕ್ಕಾ" ಎಂದು ಕೇಳಿದರೆ ಅವರಿಗೂ ಆರಿಸುವುದು ಸುಲಭ. ಮಡಚಲು ಒಬ್ಬ, ತೋರಿಸಲು ಒಬ್ಬ ಇರಲಿ. ಕಾರಿನವರಿಗೂ ಸಂತೆಯವರಿಗೂ ಇದೇ ಐದು.

ಗುರುಲಿಂಗಪ್ಪ: ಐದೇ ಸೀರೆ ತೋರಿಸಿದರೆ ಇಳಕಲ್ಲಿನಲ್ಲಿ ವ್ಯಾಪಾರ ಆಗುವುದಿಲ್ಲ. ರಾಶಿ ನೋಡಿದರೇ ಗಿರಾಕಿ ಕೂರುವುದು.

ಬಸಪ್ಪ, ಮಹಾಲಿಂಗಪುರ: ನಮ್ಮದು ಬೆಲ್ಲ, ಬೇಳೆಯ ಅಂಗಡಿ. ಬಂದವರೆಲ್ಲ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. 50 ಕಿಲೋ ಬೇಳೆಯ ಚೀಲ ಖಾಲಿಯಾಗುವಷ್ಟರಲ್ಲಿ ಒಂದು ಕಿಲೋ ಕಡಿಮೆ ಬೀಳುತ್ತದೆ. ಇದೂ ಕಳ್ಳತನವೇ ಅಲ್ಲವೇ?

ಸುನಂದಾ: ಬೆಲ್ಲದ ಚೂರು ರುಚಿ ನೋಡುವುದು, ಅದು ವ್ಯಾಪಾರದ ಭಾಗ. ಬೇಳೆಯ ಲೆಕ್ಕ ತಕ್ಕಡಿಯಲ್ಲಿದೆ. 50 ಕಿಲೋವನ್ನು ಕಾಲು ಕಿಲೋದಂತೆ ಮಾರಿದರೆ 200 ಪೊಟ್ಟಣ. ಪ್ರತಿ ಪೊಟ್ಟಣಕ್ಕೆ ಕೈಜಾರಿ ಐದು ಗ್ರಾಂ ಹೆಚ್ಚು ಬಿದ್ದರೆ ಒಂದು ಕಿಲೋ ಹೋಯಿತು. ಐದು ಗ್ರಾಂ ಎಂದರೆ ಸುಮಾರು ಒಂದು ಸಣ್ಣ ಚಮಚದಷ್ಟು. ಒಂದು ವಾರ ನೀವೇ ತೂಗಿ, ಯಾರನ್ನೂ ಬೈಯುವ ಮೊದಲು.

ದಾವಲಸಾಬ, ಜಮಖಂಡಿ: ಯುಪಿಐ ಸುಳ್ಳು ಪರದೆ ತೋರಿಸುವವರಿಗೆ ಏನು ಮಾಡಬೇಕು, ತಿಳಿದವರು ಹೇಳಿ.

ಸುನಂದಾ: ಮೇಲೆ ಮೆಹಬೂಬ ಅವರಿಗೆ ಬರೆದಿದ್ದೇನೆ.

ಶಿವಾನಂದ, ಗೋಕಾಕ: ಕೆಲಸದವರಿಗೆ ಬೆರಳಚ್ಚು ಹಾಜರಿ ಯಂತ್ರ ಎಷ್ಟಕ್ಕೆ ಸಿಗುತ್ತದೆ?

ಈರಣ್ಣ: ಸುನಂದಕ್ಕ, ಪಟ್ಟಿ ತೆಗೆದೆ. ಕಳೆದ ತಿಂಗಳು 31 ಬಿಲ್ ರದ್ದಾಗಿವೆ. ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ನಾಲ್ಕರ ಹಿಂದೆ ಮಾತ್ರ ಹೊಸ ಬಿಲ್ ಇದೆ. ಉಳಿದ 27 ಎಲ್ಲವೂ ನಗದು. ಎಲ್ಲವೂ ಸಂಜೆ ಏಳರಿಂದ ಎಂಟೂವರೆಯ ಒಳಗೆ. ಆ ಹೊತ್ತಿನಲ್ಲಿ ನಾನು ಮನೆಗೆ ಹೋಗಿ ಪೂಜೆ, ಊಟ ಮುಗಿಸಿ ಬರುತ್ತೇನೆ. ಆ 27ರ ಮೊತ್ತ 7,940 ರೂಪಾಯಿ. ಅವುಗಳಲ್ಲಿ ಎಣ್ಣೆ ಪಾಕೀಟು 23 ಇವೆ, ಚಹಾಪುಡಿ 12.

ನಾಳೆ ಬೆಳಿಗ್ಗೆ ಕೆಲಸದ ಹುಡುಗನನ್ನು ಕೂರಿಸಿ ಕೇಳುತ್ತೇನೆ. ಮೂರು ವರ್ಷ ಅನ್ನ ಹಾಕಿದ್ದೇನೆ.

ಪ್ರಕಾಶ: ಕೇಳುವುದೇನು, ನೇರವಾಗಿ ಠಾಣೆಗೆ ಎಳೆದುಕೊಂಡು ಹೋಗಿ.

ಸುನಂದಾ: ಈರಣ್ಣನವರೇ, ನಿಲ್ಲಿ. ಕಂಪ್ಯೂಟರಿಗೆ ನೀವು, ನಿಮ್ಮ ಮಗ, ಹುಡುಗ, ಮೂವರಿಗೂ ಒಂದೇ ಪಾಸ್‌ವರ್ಡ್ ತಾನೇ? ಹಾಗಿದ್ದರೆ ಈ ಪಟ್ಟಿ ಏನು ನಡೆಯಿತು, ಯಾವಾಗ ನಡೆಯಿತು ಎಂಬುದನ್ನು ಹೇಳುತ್ತದೆ. ಯಾರು ಎಂಬುದನ್ನು ಹೇಳುವುದಿಲ್ಲ. ಹೋದ ವಾರ ಒಬ್ಬ ಹೆಣ್ಣುಮಗಳ ಮೇಲೆ ಹೀಗೇ ಖಚಿತವಾಗಿದ್ದಿರಿ.

ಹುಡುಗನ ಹಾಜರಿಯನ್ನು ಈ 27 ಬಿಲ್ಲುಗಳ ದಿನಾಂಕಗಳ ಪಕ್ಕದಲ್ಲಿಟ್ಟು ನೋಡಿ. ಅವನು ರಜೆ ಹಾಕಿದ ದಿನ ರದ್ದು ಇಲ್ಲದಿದ್ದರೆ ಒಂದು ಮಾತು, ಇದ್ದರೆ ಇನ್ನೊಂದು ಮಾತು. ಕ್ಯಾಮೆರಾ ಇದ್ದರೆ ಅದರ ಗಡಿಯಾರವೂ ಕಂಪ್ಯೂಟರಿನ ಗಡಿಯಾರವೂ ಒಂದೇ ಸಮಯ ತೋರಿಸುತ್ತವೆಯೇ ನೋಡಿ. ಏಳೆಂಟು ನಿಮಿಷದ ಅಂತರವಿದ್ದರೆ ತಪ್ಪು ಮನುಷ್ಯನ ಮುಖ ಕಾಣುತ್ತದೆ.

ಈರಣ್ಣ: ಕ್ಯಾಮೆರಾ ಒಂದೇ ಇದೆ, ಬಾಗಿಲ ಕಡೆ ತಿರುಗಿಸಿದ್ದೇವೆ. ಹೌದು, ಪಾಸ್‌ವರ್ಡ್ ಒಂದೇ.

ಸುನಂದಾ: ಕ್ಯಾಮೆರಾ ಬೇಕು ಎಂಬಷ್ಟರಲ್ಲಿ ಪ್ರಕಾಶ ಅವರ ಮಾತು ಸರಿ. ಅದು ನೋಡಬೇಕಾದದ್ದು ಗಲ್ಲಾವನ್ನು. ಮೇಲಿನಿಂದ, ಕೈಗಳೂ ಕಂಪ್ಯೂಟರಿನ ಪರದೆಯೂ ಒಂದೇ ಚಿತ್ರದಲ್ಲಿ ಬರುವಂತೆ. ಬಾಗಿಲು ನೋಡುವ ಕ್ಯಾಮೆರಾ ಗಿರಾಕಿಯನ್ನು ಅನುಮಾನಿಸುತ್ತದೆ, ಅಷ್ಟೇ.

ನಾಳೆಯಿಂದ ಹೀಗೆ ಮಾಡಿ. ಮೂವರಿಗೂ ಬೇರೆ ಬೇರೆ ಪಾಸ್‌ವರ್ಡ್. ಬಿಲ್ ರದ್ದು ಮಾಡುವ ಅಧಿಕಾರ ನಿಮ್ಮ ಪಾಸ್‌ವರ್ಡಿಗೆ ಮಾತ್ರ. ನೀವು ಮನೆಗೆ ಹೋದಾಗ ತಪ್ಪು ಬಿಲ್ ಆದರೆ ಆ ಕಾಗದವನ್ನು ಗಿರಾಕಿಯಿಂದ ಪಡೆದು ಮೊಳೆಗೆ ಚುಚ್ಚಿಡಲಿ, ಅದರ ಹಿಂದೆ ಕಾರಣ ಬರೆದಿರಲಿ. ನೀವು ಬಂದು ಕಾಗದ ನೋಡಿ ರದ್ದು ಮಾಡಿ. ಕಾಗದವಿಲ್ಲದೆ ರದ್ದಿಲ್ಲ. ಇದನ್ನು "ಲೆಕ್ಕದವರು ಹೇಳಿದ್ದಾರೆ" ಎಂದು ನನ್ನ ಮೇಲೆ ಹಾಕಿ ಹೇಳಿ. ಯಾರ ಮುಖವನ್ನೂ ನೋಡಿ ಹೇಳಬೇಡಿ, ಮಗನಿಗೂ ಅದೇ ನಿಯಮ. ಜೊತೆಗೆ ಕಡಿಮೆ ಬಿದ್ದ ಎಣ್ಣೆ, ತುಪ್ಪ, ಚಹಾಪುಡಿ, ಸೋಪಿನ ಪುಡಿ, ಬಣ್ಣ, ಈ ಐದನ್ನು ಮಾತ್ರ ದಿನವೂ ರಾತ್ರಿ ಎಣಿಸಿ. ನಿನ್ನೆ ಉಳಿದದ್ದಕ್ಕೆ ಇಂದು ಬಂದದ್ದನ್ನು ಕೂಡಿಸಿ, ಬಿಲ್ಲಾದದ್ದನ್ನು ಕಳೆಯಿರಿ. ಹತ್ತು ನಿಮಿಷದ ಕೆಲಸ. ತಿಂಗಳ ಕೊನೆಗೆ ಗೊತ್ತಾಗುವ ಬದಲು ಮರುದಿನವೇ ಗೊತ್ತಾಗುತ್ತದೆ.

7,940 ಕಳೆದರೆ ಉಳಿಯುವ 1,660ಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಬಣ್ಣದ ಒಂಬತ್ತು ಪಾಕೀಟು ರ‍್ಯಾಕಿನಿಂದಲೇ ಹೋಗಿರಬಹುದು. ಅವನ್ನು ಗಲ್ಲಾದ ಎದುರಿನ ಕಪಾಟಿಗೆ ತನ್ನಿ. ಕೈಯಲ್ಲಿ ಎರಡು ಸಾಮಾನು ಹಿಡಿದು ನಿಂತ ಯಾರಿಗೇ ಆಗಲಿ "ಬನ್ನಿ ಅಕ್ಕಾ, ಬುಟ್ಟಿ ತೆಗೆದುಕೊಳ್ಳಿ" ಎಂದು ಬುಟ್ಟಿ ಕೊಡಿ. ಪ್ರಾಮಾಣಿಕರಿಗೆ ಅದು ಉಪಚಾರ. ಕದಿಯಲು ಬಂದವರಿಗೆ, ನಮ್ಮನ್ನು ಕಂಡಿದ್ದಾರೆ ಎಂಬುದು ತಿಳಿಯುತ್ತದೆ. ಚೀಲ ಹೊರಗಿಡಿಸುವುದಾದರೆ ಬಿಲ್ಲೆ ಕೊಟ್ಟು ಎಲ್ಲರದ್ದನ್ನೂ ಇಡಿಸಿ, ನಿಮ್ಮ ಬೀಗರು ಬಂದರೂ. ಅದು ಆಗದು ಎನಿಸಿದರೆ ಯಾರದ್ದನ್ನೂ ಇಡಿಸಬೇಡಿ.

ಪ್ರಕಾಶ: ಇಷ್ಟು ಮೃದುವಾದರೆ ಅಂಗಡಿಯನ್ನೇ ಹೊತ್ತುಕೊಂಡು ಹೋಗುತ್ತಾರೆ. ಕಣ್ಣೆದುರು ಕದ್ದವರ ಚೀಲ ನೋಡುವ ಹಕ್ಕೂ ಇಲ್ಲವೇ?

ಸುನಂದಾ: ಬಲವಂತವಾಗಿ ಚೀಲ ಶೋಧಿಸುವ ಹಕ್ಕು ಅಂಗಡಿಯವರಿಗಿಲ್ಲ. ದಾರಿಗೆ ಅಡ್ಡ ನಿಂತು ತಡೆದರೆ ಅದೇ ಸಂಹಿತೆಯ 126ರಡಿ ನೀವೇ ಅಪರಾಧಿಯಾಗಬಹುದು. ಕಣ್ಣಾರೆ ಕಂಡಿದ್ದರೆ "ಆ ಪಾಕೀಟಿನ ಬಿಲ್ಲನ್ನೂ ಮಾಡಿಬಿಡಲೇ" ಎಂದು ಪಕ್ಕಕ್ಕೆ ಕರೆದು ಕೇಳಿ. ಹತ್ತರಲ್ಲಿ ಒಂಬತ್ತು ಜನ ತೆಗೆದಿಡುತ್ತಾರೆ ಅಥವಾ ಹಣ ಕೊಡುತ್ತಾರೆ. ಕಂಡಿಲ್ಲದಿದ್ದರೆ ಬಾಯಿ ತೆರೆಯಬೇಡಿ.

ಪ್ರಕಾಶ: ನೀವು ಅಂಗಡಿ ನಡೆಸಿಲ್ಲ, ಅದಕ್ಕೇ ಹೀಗೆ ಹೇಳುತ್ತೀರಿ.

ಮಹಾದೇವಿ: ನೀವು ಗಿರಾಕಿಯಾಗಿ ನಿಂತಿಲ್ಲ, ಅದಕ್ಕೇ ಹಾಗೆ ಹೇಳುತ್ತೀರಿ.

ಚನ್ನಮ್ಮ: ಇನ್ನೊಂದು ಸಂದೇಶ ಬಂದಿದೆ. ಗಲ್ಲಾದ ಕೆಳಗೆ ಉಪ್ಪಿನ ಗಂಟು ಇಟ್ಟರೆ ಹಣ

ಸುನಂದಾ: ಚನ್ನಮ್ಮನವರೇ, ಸಾಕು. ಒಂದು ಮನೆಯ ಮಾನದ ವಿಷಯ ನಡೆದಿದೆ ಇಲ್ಲಿ.

ದಾವಲಸಾಬ: ಮೇಲೆ ಹುಡುಕಿದೆ, ಸಿಗಲಿಲ್ಲ. ಸುಳ್ಳು ಪರದೆಯ ಬಗ್ಗೆ ಮತ್ತೊಮ್ಮೆ ಹೇಳಿ.

ಸುನಂದಾ: ಧ್ವನಿ ಪೆಟ್ಟಿಗೆ ಕೂಗದೆ ಸರಕು ಕೊಡಬೇಡಿ.

ಈರಣ್ಣ: ಹಾಜರಿ ಪುಸ್ತಕ ನೋಡಿದೆ. ಹುಡುಗ ತಿಂಗಳ ನಡುವೆ ಮೂರು ದಿನ ತನ್ನ ಊರಿನ ಜಾತ್ರೆಗೆ ಹೋಗಿದ್ದ. ಆ ಮೂರು ದಿನಗಳಲ್ಲಿಯೂ ನಾಲ್ಕು ಬಿಲ್ ರದ್ದಾಗಿವೆ, ಅದೇ ಹೊತ್ತಿನಲ್ಲಿ. ಆಗ ಗಲ್ಲಾದಲ್ಲಿ ಇದ್ದವನು ಒಬ್ಬನೇ.

ಸುನಂದಾ: ಗೊತ್ತಾಯಿತು. ಇದನ್ನು ಇಲ್ಲಿ ಇನ್ನು ಬರೆಯಬೇಡಿ, ರಾತ್ರಿ ಒಂಬತ್ತಕ್ಕೆ ನಾನೇ ಕರೆ ಮಾಡುತ್ತೇನೆ. ಆ ನಾಲ್ಕು ಆತನವು ಎಂದರೆ ಉಳಿದ 23 ಕೂಡ ಆತನವೇ ಎಂದಾಗುವುದಿಲ್ಲ, ಇದನ್ನು ನೆನಪಿಡಿ. ಇವತ್ತು ಮನೆಯಲ್ಲಿ ಕೂಗಾಡಬೇಡಿ. ವಯಸ್ಸಿಗೆ ಬಂದವನು, ಯಾರಿಗಾದರೂ ಹಣ ಕೊಡಬೇಕಾಗಿದೆಯೇ, ಮೊಬೈಲಿನಲ್ಲಿ ಏನಾದರೂ ಆಟಕ್ಕೆ ಬಿದ್ದಿದ್ದಾನೆಯೇ, ಅದು ಮೊದಲು ತಿಳಿಯಬೇಕು.

ಈರಣ್ಣ: ಆಗಲಿ. ಆ ಹೆಣ್ಣುಮಗಳ ಮನೆಗೆ ನಾನು ಹೋಗಿ ತಪ್ಪಾಯಿತು ಎಂದು ಹೇಳಿ ಬರಲೇ?

ಸುನಂದಾ: ಹೋಗಿ, ಮಗನನ್ನೂ ಕರೆದುಕೊಂಡು ಹೋಗಿ. ಚೀಲ ತೆಗೆಸಿದ್ದು ಅವನು, ಮಾತು ಅವನೇ ಆಡಲಿ. ಎಲ್ಲರೆದುರು ಆದದ್ದು, ಅದಕ್ಕೆ ಬಾಗಿಲಲ್ಲಿ ನಿಂತು ಅಕ್ಕಪಕ್ಕದವರಿಗೆ ಕೇಳುವಂತೆ ಆಡಲಿ. ಸಕ್ಕರೆ, ಸೀರೆ ಏನನ್ನೂ ಒಯ್ಯಬೇಡಿ.